ಆಲೌಟ್ ಆದ ತಂಡದ ಉಳಿದ ಓವರ್‌ಗಳು ಎಲ್ಲಿ ಹೋದವು? ನೆಟ್ ರನ್‌ರೇಟ್ ಲೆಕ್ಕವನ್ನು ಪರೀಕ್ಷಿಸುವ ಬಗೆ

ಪ್ರಶ್ನೆ: ಸರ್, ನಮ್ಮದು ಪುಣೆ ಬಳಿಯ ಚಿಂಚವಡದ ಕನ್ನಡಿಗರ ತಂಡ. ಇಲ್ಲಿನ ಹತ್ತು ಓವರ್‌ಗಳ ಟೆನಿಸ್ ಬಾಲ್ ಲೀಗ್‌ನಲ್ಲಿ ನಾವೂ ನಿಗಡಿಯ ತಂಡವೂ ನಾಲ್ಕರಲ್ಲಿ ಮೂರು ಪಂದ್ಯ ಗೆದ್ದು ತಲಾ 6 ಪಾಯಿಂಟ್ ಪಡೆದಿದ್ದೇವೆ. ಗುಂಪಿನ ಮೊದಲ ತಂಡಕ್ಕೆ ಮಾತ್ರ ಫೈನಲ್ ಪ್ರವೇಶ. ಆಯೋಜಕರ ಅಂಕಪಟ್ಟಿಯಲ್ಲಿ ನಿಗಡಿಯ ನೆಟ್ ರನ್‌ರೇಟ್ +1.044, ನಮ್ಮದು +0.552. ನಾನು ಲೆಕ್ಕ ಹಾಕಿದರೆ ನಮ್ಮದು +1.290 ಬರುತ್ತದೆ. ಎರಡೂ ತಂಡಗಳ ಸ್ಕೋರ್‌ಗಳನ್ನು ಜೊತೆಗಿಟ್ಟಿದ್ದೇನೆ. ಯಾರ ಲೆಕ್ಕ ಸರಿ? ಫೈನಲ್‌ಗೆ ಮುಂಚೆ ಆಯೋಜಕರ ಬಳಿ ಏನು ಹೇಳಲಿ?

ಉತ್ತರ: ಗುಂಪಿನ ಮೊದಲ ಸ್ಥಾನ ನಿಮ್ಮ ತಂಡಕ್ಕೇ ಸಲ್ಲಬೇಕು. ಆದರೆ ನಿಮ್ಮ +1.290 ಕೂಡ ಸರಿಯಲ್ಲ. ಐಸಿಸಿ ಪಂದ್ಯಾವಳಿಗಳಲ್ಲೂ ಐಪಿಎಲ್‌ನಲ್ಲೂ ಪಾಲಿಸುವ ಕ್ರಮದಂತೆ ಲೆಕ್ಕ ಹಾಕಿದರೆ ಚಿಂಚವಡಕ್ಕೆ +0.790, ನಿಗಡಿಗೆ +0.042 ಬರುತ್ತದೆ. ಆಯೋಜಕರ ಪಟ್ಟಿಯಲ್ಲಿ ಎರಡು ತಪ್ಪುಗಳಿವೆ. ನಿಮ್ಮ ಹಾಳೆಯಲ್ಲಿ ಒಂದಿದೆ. ಆ ಒಂದು ತಪ್ಪನ್ನು ಹಾಗೆಯೇ ಹೊತ್ತುಕೊಂಡು ನೀವು ಆಯೋಜಕರ ಬಳಿ ಹೋದರೆ ಅವರು ಅದನ್ನೇ ಹಿಡಿದು ನಿಮ್ಮನ್ನು ಹಿಂದಕ್ಕೆ ಕಳುಹಿಸುತ್ತಾರೆ. ಹಾಗಾಗಿ ಎರಡನ್ನೂ ಬಿಡಿಸಿ ನೋಡೋಣ.

ಮೊದಲಿಗೆ ನೀವು ಕೊಟ್ಟ ಸ್ಕೋರ್‌ಗಳನ್ನು ಒಂದು ಕ್ರಮಕ್ಕೆ ತರುತ್ತೇನೆ. ನಿಮ್ಮ ತಂಡದ ನಾಲ್ಕು ಪಂದ್ಯಗಳು ಇವು:

| ಪಂದ್ಯ | ಚಿಂಚವಡ | ಎದುರಾಳಿ |
|---|---|---|
| ನಿಗಡಿ ವಿರುದ್ಧ | 92/6, 10 ಓವರ್ | 58 ಆಲೌಟ್, 6.2 ಓವರ್ |
| ಎರಡನೆಯದು | 85/4, 8.4 ಓವರ್ | 84/7, 10 ಓವರ್ |
| ಸೋತ ಪಂದ್ಯ | 61 ಆಲೌಟ್, 7.5 ಓವರ್ | 62/3, 7.1 ಓವರ್ |
| ಕೊನೆಯದು | 88/5, 10 ಓವರ್ | 80/8, 10 ಓವರ್ |

ನಿಗಡಿಯವು ಇವು:

| ಪಂದ್ಯ | ನಿಗಡಿ | ಎದುರಾಳಿ |
|---|---|---|
| ಮೊದಲನೆಯದು | 96/5, 10 ಓವರ್ | 80/7, 10 ಓವರ್ |
| ಎರಡನೆಯದು | 75/2, 8.3 ಓವರ್ | 74/8, 10 ಓವರ್ |
| ನಿಮ್ಮ ವಿರುದ್ಧ | 58 ಆಲೌಟ್, 6.2 ಓವರ್ | 92/6, 10 ಓವರ್ |
| ಕೊನೆಯದು | 80/5, 9.2 ಓವರ್ | 79/6, 10 ಓವರ್ |

ನೆಟ್ ರನ್‌ರೇಟ್‌ನ ಸೂತ್ರ ನಿಮಗೆ ಗೊತ್ತಿರುವಂಥದ್ದೇ. ತಂಡವೊಂದು ಎಲ್ಲ ಪಂದ್ಯಗಳಲ್ಲಿ ಗಳಿಸಿದ ಒಟ್ಟು ರನ್‌ಗಳನ್ನು ಆಡಿದ ಒಟ್ಟು ಓವರ್‌ಗಳಿಂದ ಭಾಗಿಸಬೇಕು. ಬಿಟ್ಟುಕೊಟ್ಟ ಒಟ್ಟು ರನ್‌ಗಳನ್ನು ಎಸೆದ ಒಟ್ಟು ಓವರ್‌ಗಳಿಂದ ಭಾಗಿಸಬೇಕು. ಮೊದಲನೆಯದರಿಂದ ಎರಡನೆಯದನ್ನು ಕಳೆಯಬೇಕು. ಸೂತ್ರದ ಬಗ್ಗೆ ಯಾರಿಗೂ ತಕರಾರು ಇರುವುದಿಲ್ಲ. ತಕರಾರು ಹುಟ್ಟುವುದು ಅದರೊಳಗಿನ ‘ಓವರ್’ ಎಂಬ ಜಾಗದಲ್ಲಿ ಯಾವ ಸಂಖ್ಯೆ ತುಂಬಿದರು ಎಂಬುದರಿಂದ.

ಇಂಥ ವಿವಾದ ಬಂದಾಗ ನಾನು ಸರಿಯಾದ ಉತ್ತರವನ್ನು ಮೊದಲು ಹುಡುಕುವುದಿಲ್ಲ. ಪಟ್ಟಿಯಲ್ಲಿರುವ ತಪ್ಪು ಉತ್ತರ ಹೇಗೆ ಬಂದಿರಬಹುದೆಂದು ಊಹಿಸಿ, ಅದೇ ಉತ್ತರ ಮೂರನೆಯ ದಶಮಾಂಶದವರೆಗೆ ಮತ್ತೆ ಬರುವಂತೆ ಲೆಕ್ಕ ಮಾಡುತ್ತೇನೆ. ‘ನಿಮ್ಮದು ತಪ್ಪು, ನನ್ನದು ಸರಿ’ ಎಂದರೆ ಎರಡು ಸಂಖ್ಯೆಗಳ ಜಗಳವಾಗುತ್ತದೆ. ‘ನಿಮ್ಮ ಪಟ್ಟಿಯ +0.552 ಹೀಗೆ ಬಂದಿದೆ, ನೋಡಿ’ ಎಂದು ಅವರದೇ ಸಂಖ್ಯೆಯನ್ನು ಅವರ ಕಣ್ಣೆದುರು ತೆಗೆದು ತೋರಿಸಿದರೆ ಜಗಳಕ್ಕೆ ಜಾಗ ಉಳಿಯುವುದಿಲ್ಲ.

ನಿಮ್ಮ ತಂಡದ ರನ್‌ಗಳ ಮೊತ್ತ 326. ಆಡಿದ ಓವರ್‌ಗಳನ್ನು ಸ್ಕೋರ್ ಪಟ್ಟಿಯಲ್ಲಿ ಇದ್ದ ಹಾಗೆಯೇ, ಸಾಮಾನ್ಯ ದಶಮಾಂಶಗಳೆಂದು ಕೂಡಿಸಿ: 10, 8.4, 7.5, 10. ಮೊತ್ತ 35.9. ಬಿಟ್ಟುಕೊಟ್ಟ ರನ್ 284. ಎಸೆದ ಓವರ್‌ಗಳು 6.2, 10, 7.1, 10. ಮೊತ್ತ 33.3. ಈಗ 326ನ್ನು 35.9ರಿಂದ ಭಾಗಿಸಿದರೆ 9.081. 284ನ್ನು 33.3ರಿಂದ ಭಾಗಿಸಿದರೆ 8.529. ವ್ಯತ್ಯಾಸ +0.552. ಇದೇ ಆಯೋಜಕರ ಸಂಖ್ಯೆ. ನಿಗಡಿಗೂ ಹೀಗೆಯೇ ಮಾಡಿ. 309 ರನ್, 33.7 ‘ಓವರ್’, ಎದುರಾಳಿಗಳದ್ದು 325 ರನ್, 40 ಓವರ್. ಉತ್ತರ +1.044. ಎರಡೂ ತಂಡಗಳಿಗೆ ಮೂರು ದಶಮಾಂಶಗಳವರೆಗೆ ಕೂಡಿಬಂದ ಮೇಲೆ ಇದು ಕಾಕತಾಳೀಯವಾಗಿರಲು ಸಾಧ್ಯವಿಲ್ಲ. ಪಟ್ಟಿ ತಯಾರಿಸಿದವರು ಓವರ್‌ಗಳನ್ನು ಕಂಪ್ಯೂಟರ್‌ನ ಶೀಟ್‌ನಲ್ಲಿ ಇದ್ದಂತೆ ಟೈಪ್ ಮಾಡಿ, ಕೆಳಗೆ ಮೊತ್ತದ ಸೂತ್ರ ಹಾಕಿದ್ದಾರೆ.

ಈ ಮೊತ್ತದೊಳಗೇ ಮೊದಲ ತಪ್ಪು ತನ್ನನ್ನು ತಾನು ತೋರಿಸಿಕೊಳ್ಳುತ್ತಿದೆ. 35.9 ಓವರ್ ಎಂಬುದು ಇಲ್ಲ. ಓವರ್‌ಗೆ ಆರೇ ಎಸೆತ, ಆದ್ದರಿಂದ ಚುಕ್ಕೆಯ ನಂತರ 6, 7, 8, 9 ಎಂಬ ಅಂಕಿಗಳು ಬರಲಾರವು. ಮೊತ್ತದ ಸಾಲಿನಲ್ಲಿ ಅಂಥದ್ದೊಂದು ಅಂಕಿ ಕಂಡರೆ ಓವರ್‌ಗಳನ್ನು ದಶಮಾಂಶದಂತೆ ಕೂಡಿಸಿದ್ದಾರೆ ಎಂದು ಬೇರೇನನ್ನೂ ನೋಡದೆ ಹೇಳಬಹುದು. ಆದರೆ ಇದಕ್ಕೆ ವಿರುದ್ಧವಾದದ್ದು ನಿಜವಲ್ಲ. ನಿಮ್ಮ ಬೌಲಿಂಗ್‌ನ 33.3 ನೋಡಲು ಸರಿಯಾಗಿಯೇ ಇದೆ, 33 ಓವರ್ 3 ಎಸೆತ ಎಂದು ಓದಬಹುದು. ಆದರೂ ಭಾಗಿಸುವಾಗ ಅದನ್ನು 33.5 ಎಂದೇ ಹಿಡಿಯಬೇಕು, ಮೂರು ಎಸೆತವೆಂದರೆ ಅರ್ಧ ಓವರ್. ಹಾಗೆಯೇ 8.4 ಎಂದರೆ 8 ಓವರ್ 4 ಎಸೆತ, ಅಂದರೆ 8.667 ಓವರ್. ಐವತ್ತು ಓವರ್‌ಗಳ ಪಂದ್ಯದಲ್ಲಿ ಈ ತಪ್ಪು ಮೂರನೆಯ ದಶಮಾಂಶದ ಆಚೀಚೆ ಅಡಗಿಬಿಡಬಹುದು. ಹತ್ತು ಓವರ್‌ಗಳ ಪಂದ್ಯದಲ್ಲಿ ಎರಡನೆಯ, ಕೆಲವೊಮ್ಮೆ ಮೊದಲನೆಯ ದಶಮಾಂಶಕ್ಕೇ ಕೈಹಾಕುತ್ತದೆ.

ಇದರಿಂದ ತಪ್ಪಿಸಿಕೊಳ್ಳುವ ಅತಿ ಸುಲಭದ ದಾರಿ ಓವರ್‌ಗಳ ಸಹವಾಸವನ್ನೇ ಬಿಟ್ಟು ಎಸೆತಗಳಲ್ಲಿ ಲೆಕ್ಕ ಹಾಕುವುದು. 8.4 ಎಂದರೆ 52 ಎಸೆತ. 7.1 ಎಂದರೆ 43. ಪೂರ್ತಿ ಇನಿಂಗ್ಸ್ 60. ಎಸೆತಗಳು ಪೂರ್ಣಾಂಕಗಳು, ಹೇಗೆ ಕೂಡಿಸಿದರೂ ಕೆಡುವುದಿಲ್ಲ. ವೈಡ್, ನೋಬಾಲ್‌ಗಳು ಎಸೆತದ ಎಣಿಕೆಗೆ ಸೇರುವುದಿಲ್ಲ, ಅವುಗಳ ರನ್ ಮಾತ್ರ ಸೇರುತ್ತದೆ ಎಂಬುದನ್ನು ಕೈಯಿಂದ ಎಣಿಸುವವರು ನೆನಪಿಡಬೇಕು. ಶೀಟ್‌ನಲ್ಲಿ ಓವರ್‌ಗಳು ಈಗಾಗಲೇ `A2` ಕೋಶದಲ್ಲಿ ಟೈಪ್ ಆಗಿದ್ದರೆ ಎಸೆತಕ್ಕೆ ಬದಲಿಸಲು ಹೀಗೆ ಬರೆಯಿರಿ:

```
=INT(A2)*6+ROUND((A2-INT(A2))*10,0)
```

`ROUND` ಯಾಕೆ ಬೇಕೆಂದರೆ, ಕಂಪ್ಯೂಟರ್ 8.4ರಿಂದ 8ನ್ನು ಕಳೆದಾಗ ಸರಿಯಾಗಿ 0.4 ಸಿಗುವುದಿಲ್ಲ, ಬಹಳ ದೂರದ ದಶಮಾಂಶದಲ್ಲಿ ಒಂದಿಷ್ಟು ಚೂರು ಉಳಿಯುತ್ತದೆ. ಅದನ್ನು ಅಲ್ಲಿಯೇ ಕತ್ತರಿಸುವುದು ಒಳ್ಳೆಯದು. ಆಮೇಲೆ `B10`ರಲ್ಲಿ ಗಳಿಸಿದ ರನ್, `C10`ರಲ್ಲಿ ಆಡಿದ ಎಸೆತ, `D10`ರಲ್ಲಿ ಕೊಟ್ಟ ರನ್, `E10`ರಲ್ಲಿ ಎಸೆದ ಎಸೆತಗಳ ಮೊತ್ತವಿದ್ದರೆ:

```
=6*(B10/C10-D10/E10)
```

ಈ ಒಂದು ತಿದ್ದುಪಡಿ ಮಾಡಿದರೆ ಏನಾಗುತ್ತದೆ? ನಿಮ್ಮದು +0.454ಕ್ಕೆ ಇಳಿಯುತ್ತದೆ, ನಿಗಡಿಯದು +0.919ಕ್ಕೆ. ಅಂದರೆ ಎರಡೂ ತಂಡಗಳ ಸಂಖ್ಯೆ ಬದಲಾಯಿತು, ಸ್ಥಾನ ಬದಲಾಗಲಿಲ್ಲ. ದಶಮಾಂಶದ ತಪ್ಪನ್ನಷ್ಟೇ ಹಿಡಿದು ನೀವು ದೂರು ಕೊಟ್ಟಿದ್ದರೆ ಆಯೋಜಕರು ನಗುತ್ತಲೇ ತಿದ್ದಿ, ನಿಗಡಿಯನ್ನೇ ಫೈನಲ್‌ಗೆ ಕಳುಹಿಸುತ್ತಿದ್ದರು.

ನಿಮ್ಮ ಫೈನಲ್ ಇರುವುದು ಎರಡನೆಯ ತಪ್ಪಿನಲ್ಲಿ. ತಂಡವೊಂದು ತನ್ನ ಪಾಲಿನ ಓವರ್‌ಗಳು ಮುಗಿಯುವ ಮೊದಲೇ ಆಲೌಟ್ ಆದರೆ ಅದು ಎಷ್ಟು ಓವರ್ ಆಡಿತು ಎಂಬುದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದಕ್ಕೆ ಹಕ್ಕಿದ್ದ ಪೂರ್ತಿ ಓವರ್‌ಗಳನ್ನು ಹಿಡಿಯಬೇಕು. ನಿಮ್ಮ ಲೀಗ್‌ನಲ್ಲಿ ಅದು 10, ಎಸೆತಗಳಲ್ಲಿ 60. ಬ್ಯಾಟಿಂಗ್ ತಂಡದ ಖಾತೆಯಲ್ಲೂ 60, ಬೌಲಿಂಗ್ ತಂಡದ ಖಾತೆಯಲ್ಲೂ 60.

ಈ ನಿಯಮ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಿಮ್ಮದೇ ಪಂದ್ಯಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಗಲಾರದು. ನಿಗಡಿ ತಂಡವನ್ನು ನೀವು 38 ಎಸೆತಗಳಲ್ಲಿ 58ಕ್ಕೆ ಮಡಚಿದಿರಿ. ಆಡಿದ ಎಸೆತಗಳನ್ನಷ್ಟೇ ಹಿಡಿದರೆ ಆ ದಿನ ನಿಗಡಿಯ ರನ್‌ರೇಟ್ ಓವರಿಗೆ 9.16. ಅದೇ ತಂಡ 8 ವಿಕೆಟ್‌ಗಳಿಂದ ಗೆದ್ದ ಪಂದ್ಯದಲ್ಲಿ ಅದರ ರನ್‌ರೇಟ್ 8.82. ಅಂದರೆ ಆಯೋಜಕರ ಪಟ್ಟಿಯ ಪ್ರಕಾರ, 34 ರನ್‌ಗಳಿಂದ ಸೋತು ಹೋದ ದಿನ ನಿಗಡಿಯವರು ಸುಲಭವಾಗಿ ಗೆದ್ದ ದಿನಕ್ಕಿಂತ ಚೆನ್ನಾಗಿ ಬ್ಯಾಟ್ ಮಾಡಿದ್ದಾರೆ! ನಿಮ್ಮ ಕಡೆಯಿಂದ ನೋಡಿದರೆ ಇನ್ನೂ ಅನ್ಯಾಯ. ನಿಮ್ಮ ಬೌಲರ್‌ಗಳ ಅತ್ಯುತ್ತಮ ಪಂದ್ಯವೇ ಪಟ್ಟಿಯಲ್ಲಿ ಅತಿ ದುಬಾರಿ ಪಂದ್ಯವಾಗಿ ಕುಳಿತಿದೆ, ಯಾಕೆಂದರೆ ಉಳಿದ ಮೂರರಲ್ಲಿ ನೀವು ಕೊಟ್ಟದ್ದು ಓವರಿಗೆ 8.4, 8.65 ಮತ್ತು 8. ಬೇಗ ವಿಕೆಟ್ ಉರುಳಿಸಿದಷ್ಟೂ ನಷ್ಟ ಎನ್ನುವ ಲೆಕ್ಕ ಕ್ರಿಕೆಟ್‌ನ ಲೆಕ್ಕವಾಗಲು ಸಾಧ್ಯವೇ ಇಲ್ಲ. ಹತ್ತು ವಿಕೆಟ್ ಕಳೆದುಕೊಂಡ ತಂಡ ಉಳಿದ 22 ಎಸೆತಗಳನ್ನು ಆಡಲಾಗದೆ ಬಿಟ್ಟಿತು. ಆ ಎಸೆತಗಳಲ್ಲಿ ಅದು ಗಳಿಸಿದ್ದು ಸೊನ್ನೆ ರನ್ ಎಂದು ನಿಯಮ ಹೇಳುತ್ತದೆ. ಆಗ ಅದರ ರನ್‌ರೇಟ್ 5.8, ನೋಡಿದವರ ಕಣ್ಣಿಗೆ ಕಂಡ ಆಟಕ್ಕೆ ಹೊಂದುವ ಸಂಖ್ಯೆ.

ಇನ್ನು ನಿಮ್ಮ +1.290. ಇದನ್ನೂ ಮರಳಿ ಹುಟ್ಟಿಸಿ ನೋಡಿದೆ. ನೀವು ಎಸೆತಗಳಲ್ಲಿಯೇ ಲೆಕ್ಕ ಹಾಕಿದ್ದೀರಿ, ಅದು ಸರಿ. ನಿಗಡಿಯ 6.2 ಓವರ್‌ಗಳನ್ನು ಪೂರ್ತಿ 10 ಎಂದು ಹಿಡಿದಿದ್ದೀರಿ, ಅದೂ ಸರಿ. ಆದರೆ ನೀವು 61ಕ್ಕೆ ಆಲೌಟ್ ಆದ ಪಂದ್ಯದಲ್ಲಿ ನಿಮ್ಮ 7.5 ಓವರ್‌ಗಳನ್ನು 47 ಎಸೆತಗಳೆಂದೇ ಬಿಟ್ಟಿದ್ದೀರಿ. ನಿಯಮ ಅಲ್ಲಿಗೂ ಒಂದೇ, 60 ಎಸೆತ. ನೀವು ಬೇಕೆಂದು ಮಾಡಿದ್ದೀರಿ ಎಂದು ನಾನು ಭಾವಿಸುವುದಿಲ್ಲ. ಎದುರಾಳಿ ಆಲೌಟ್ ಆದದ್ದು ನೆನಪಿನಲ್ಲಿ ಉಳಿಯುತ್ತದೆ, ನಾವು ಆಲೌಟ್ ಆದದ್ದು ಜಾರಿಹೋಗುತ್ತದೆ. ಅದಕ್ಕೇ ಯಾವ ಇನಿಂಗ್ಸ್‌ಗೆ ಈ ನಿಯಮ ಅನ್ವಯವಾಗುತ್ತದೆ ಎಂಬುದನ್ನು ನೆನಪಿನಿಂದ ಅಲ್ಲ, ಸ್ಕೋರ್ ಹಾಳೆಯಿಂದ ಗುರುತಿಸಬೇಕು.

ಗುರುತಿಸುವ ಕ್ರಮ ಸರಳವಾಗಿದೆ. 60 ಎಸೆತಗಳಿಗಿಂತ ಮೊದಲೇ ಮುಗಿದ ಪ್ರತಿ ಇನಿಂಗ್ಸ್ ಎದುರು ಒಂದು ಗುರುತು ಹಾಕಿ, ಅದು ಯಾಕೆ ಮುಗಿಯಿತು ಎಂದು ಕೇಳಿಕೊಳ್ಳಿ. ಮಳೆ, ಬೆಳಕಿನ ಅಡ್ಡಿ ಇಲ್ಲದ ಪಂದ್ಯದಲ್ಲಿ ಎರಡೇ ಕಾರಣಗಳಿರಲು ಸಾಧ್ಯ. ಗುರಿ ಮುಟ್ಟಿತು, ಇಲ್ಲವೇ ಬ್ಯಾಟ್ ಮಾಡಲು ಜನ ಉಳಿಯಲಿಲ್ಲ. ಗುರಿ ಮುಟ್ಟಿದ್ದರೆ ಆಡಿದಷ್ಟೇ ಎಸೆತ. ಉಳಿದದ್ದೆಲ್ಲ ಆಲೌಟ್. ‘ಹತ್ತು ವಿಕೆಟ್ ಬಿದ್ದಿದೆಯೇ’ ಎಂದು ನೋಡುವುದಕ್ಕಿಂತ ಈ ಪ್ರಶ್ನೆ ಭದ್ರ. ಭಾನುವಾರದ ಲೀಗ್‌ಗಳಲ್ಲಿ ಒಬ್ಬ ಆಟಗಾರ ಬಾರದೇ ಹತ್ತೇ ಜನ ಆಡುವುದುಂಟು, ಗಾಯಗೊಂಡವನು ಮತ್ತೆ ಬ್ಯಾಟ್ ಹಿಡಿಯಲಾಗದೆ ಕುಳಿತಿರುವುದುಂಟು. ಆಗ ಸ್ಕೋರ್ ಹಾಳೆ 8 ಅಥವಾ 9 ವಿಕೆಟ್ ಎಂದು ತೋರಿಸಬಹುದು, ಮೊಬೈಲ್‌ನಲ್ಲಿ ಸ್ಕೋರ್ ಬರೆಯುವವರು ಆಲೌಟ್ ಎಂದು ನಮೂದಿಸದೇ ಇನಿಂಗ್ಸ್ ಮುಚ್ಚಿರಬಹುದು. ಆದರೆ ವಿಕೆಟ್ ಬಿದ್ದಾಗ ಒಳಬರಲು ಬ್ಯಾಟರ್ ಇಲ್ಲದಿದ್ದರೆ ಇನಿಂಗ್ಸ್ ಮುಗಿಯಿತು, ತಂಡ ಆಲೌಟ್ ಆಯಿತು ಎಂದೇ ಅರ್ಥ.

ಈಗ ಎರಡೂ ತಿದ್ದುಪಡಿಗಳೊಂದಿಗೆ ಲೆಕ್ಕ. ಚಿಂಚವಡದ ಬ್ಯಾಟಿಂಗ್ 60, 52, 60, 60, ಒಟ್ಟು 232 ಎಸೆತಗಳಲ್ಲಿ 326 ರನ್. ಓವರಿಗೆ 8.431. ಬೌಲಿಂಗ್ 60, 60, 43, 60, ಒಟ್ಟು 223 ಎಸೆತಗಳಲ್ಲಿ 284 ರನ್. ಓವರಿಗೆ 7.641. ನೆಟ್ ರನ್‌ರೇಟ್ +0.790. ನಿಗಡಿಯ ಬ್ಯಾಟಿಂಗ್ 60, 51, 60, 56, ಒಟ್ಟು 227 ಎಸೆತಗಳಲ್ಲಿ 309 ರನ್, ಓವರಿಗೆ 8.167. ಬೌಲಿಂಗ್ 240 ಎಸೆತಗಳಲ್ಲಿ 325, ಓವರಿಗೆ 8.125. ನೆಟ್ ರನ್‌ರೇಟ್ +0.042. ಒಂದೇ ಒಂದು ಇನಿಂಗ್ಸ್, ನಿಗಡಿಯ ಆ 58, ಎರಡೂ ತಂಡಗಳ ಖಾತೆಯಲ್ಲಿ ವಿರುದ್ಧ ದಿಕ್ಕಿಗೆ ಎಳೆಯುತ್ತಿತ್ತು. ಅದನ್ನು ಸರಿಪಡಿಸಿದ ಕೂಡಲೇ ಸ್ಥಾನಗಳು ಅದಲುಬದಲಾದವು.

ಆಯೋಜಕರ ಬಳಿ ಕುಳಿತು ತಿದ್ದುವಾಗ ಅವರಲ್ಲೊಬ್ಬರು ಪ್ರತಿ ಪಂದ್ಯದ ನೆಟ್ ರನ್‌ರೇಟ್ ಬೇರೆಬೇರೆಯಾಗಿ ತೆಗೆದು ನಾಲ್ಕರಿಂದ ಭಾಗಿಸಿ ನೋಡಬಹುದು. ಹಾಗೆ ಮಾಡಿದರೆ ನಿಮಗೆ +0.764, ನಿಗಡಿಗೆ +0.074 ಬರುತ್ತದೆ. ಹತ್ತಿರದ ಸಂಖ್ಯೆಗಳೇ, ಆದರೆ ಸರಿಯಲ್ಲ. ಒಟ್ಟು ಮೊತ್ತಗಳನ್ನು ಮೊದಲು ಕೂಡಿಸಿ, ಭಾಗಾಕಾರ ಕೊನೆಗೆ ಒಮ್ಮೆ ಮಾತ್ರ ಮಾಡಬೇಕು. ಸರಾಸರಿಗಳ ಸರಾಸರಿ ತೆಗೆದರೆ 43 ಎಸೆತಗಳ ಇನಿಂಗ್ಸ್‌ಗೂ 60 ಎಸೆತಗಳ ಇನಿಂಗ್ಸ್‌ಗೂ ಒಂದೇ ತೂಕ ಸಿಗುತ್ತದೆ.

ನಿಮ್ಮ ಸ್ಕೋರ್‌ಗಳಲ್ಲಿ ಇನ್ನೊಂದು ಸಂಗತಿ ನನ್ನನ್ನು ತಡೆದು ನಿಲ್ಲಿಸಿತು. ಅದನ್ನು ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ಗುರಿ ಬೆನ್ನಟ್ಟಿ ಗೆದ್ದ ನಾಲ್ಕು ಇನಿಂಗ್ಸ್‌ಗಳನ್ನು ನೋಡಿ: 84ಕ್ಕೆ 85, 61ಕ್ಕೆ 62, 74ಕ್ಕೆ 75, 79ಕ್ಕೆ 80. ನಾಲ್ಕೂ ಎದುರಾಳಿಯ ಮೊತ್ತಕ್ಕಿಂತ ಸರಿಯಾಗಿ ಒಂದೇ ರನ್ ಹೆಚ್ಚು. ಟೆನಿಸ್ ಬಾಲ್ ಆಟದಲ್ಲಿ ಪಂದ್ಯ ಬೌಂಡರಿಯಲ್ಲಿ ಮುಗಿಯುವುದು ಸಾಮಾನ್ಯ. ನಾಲ್ಕಕ್ಕೆ ನಾಲ್ಕೂ ಒಂಟಿ ರನ್ನಿನ ಮೇಲೇ ನಿಂತಿರುವುದು ಅನುಮಾನಕ್ಕೆ ಎಡೆ ಮಾಡುತ್ತದೆ. ಬಹುಶಃ ಪಟ್ಟಿ ಬರೆದವರು ನಿಜವಾದ ಕೊನೆಯ ಮೊತ್ತದ ಬದಲು ಗುರಿಯನ್ನೇ ಬರೆದಿದ್ದಾರೆ. ಸ್ಕೋರ್ ಸಮವಾಗಿದ್ದಾಗ ಹೊಡೆದ ಬೌಂಡರಿಯ ನಾಲ್ಕೂ ರನ್ ತಂಡದ ಮೊತ್ತಕ್ಕೆ ಸೇರುತ್ತವೆ, ನೆಟ್ ರನ್‌ರೇಟ್‌ಗೂ ಸೇರುತ್ತವೆ.

ಈ ಹೆಚ್ಚುವರಿ ರನ್‌ಗಳು ಎಷ್ಟು ಮುಖ್ಯ ಎಂಬುದನ್ನು ಮುಂಬೈಯವರು ವಾಂಖೆಡೆಯಲ್ಲಿ ಕಣ್ಣಾರೆ ಕಂಡಿದ್ದಾರೆ. 2014ರ ಮೇ 25ರಂದು ಐಪಿಎಲ್‌ನ ಕೊನೆಯ ಲೀಗ್ ಪಂದ್ಯದಲ್ಲಿ ರಾಜಸ್ಥಾನ ರಾಯಲ್ಸ್ 189 ರನ್ ಮಾಡಿತ್ತು. ನೆಟ್ ರನ್‌ರೇಟ್‌ನಲ್ಲಿ ರಾಜಸ್ಥಾನವನ್ನು ದಾಟಿ ಪ್ಲೇಆಫ್‌ಗೆ ಹೋಗಬೇಕಾದರೆ ಮುಂಬೈ ಇಂಡಿಯನ್ಸ್ 14.3 ಓವರ್‌ಗಳಲ್ಲಿ 190 ಮುಟ್ಟಬೇಕಿತ್ತು. 14.3ಕ್ಕೆ ಮುಂಬೈ ಮೊತ್ತ 189ಕ್ಕೆ ನಿಂತಿತು. ಅವಕಾಶ ಮುಗಿಯಿತು ಎಂದುಕೊಂಡವರು ಬಹಳ ಮಂದಿ. ಆದರೆ ಮುಂದಿನ ಎಸೆತದಲ್ಲಿ ಒಂಟಿ ರನ್ ಸಾಲದಿದ್ದರೂ ಬೌಂಡರಿ ಸಾಕಾಗುತ್ತಿತ್ತು, ಯಾಕೆಂದರೆ ಆಗ ಮೊತ್ತ 190ಕ್ಕೆ ನಿಲ್ಲದೆ 193 ಆಗುತ್ತದೆ. ಆದಿತ್ಯ ತಾರೆ ಸಿಕ್ಸರ್ ಹೊಡೆದರು. ದಾಖಲೆಯಲ್ಲಿ ಇರುವುದು 14.4 ಓವರ್‌ಗಳಲ್ಲಿ 195. ಅಲ್ಲಿ ಯಾರಾದರೂ ಗುರಿಯನ್ನೇ ನೋಡಿ 190 ಎಂದು ಬರೆದಿದ್ದರೆ ಮುಂಬೈ ಹೊರಗೆ ಉಳಿಯುತ್ತಿತ್ತು. ಇದರ ಇನ್ನೊಂದು ಮುಖವನ್ನು 2023ರ ಏಷ್ಯಾ ಕಪ್‌ನಲ್ಲಿ ಅಫ್ಗಾನಿಸ್ತಾನ ಅನುಭವಿಸಿತು. ಲಾಹೋರ್‌ನಲ್ಲಿ ಶ್ರೀಲಂಕಾದ 291ಕ್ಕೆ ಉತ್ತರವಾಗಿ 37.1 ಓವರ್‌ಗಳಲ್ಲಿ 292 ಮುಟ್ಟಬೇಕು ಎಂಬುದಷ್ಟೇ ಅವರಿಗೆ ತಿಳಿದಿತ್ತು. ಆ ಎಸೆತ ದಾಟಿದ ಮೇಲೂ 37.4ರೊಳಗೆ 295 ಮಾಡಿದರೆ ಸಾಕಿತ್ತು, ಅಂದರೆ ಒಂದು ಸಿಕ್ಸರ್. ಆ ಲೆಕ್ಕ ಅಂಗಳಕ್ಕೆ ತಲುಪದೆ ತಂಡ 289ಕ್ಕೆ ಮುಗಿದುಹೋಯಿತು.

ನಿಮ್ಮ ಲೀಗ್‌ಗೆ ಮರಳಿದರೆ, ಈ ಅನುಮಾನ ನಿಮ್ಮ ಮೊದಲ ಸ್ಥಾನವನ್ನು ಅಲುಗಿಸಬಲ್ಲದೇ? ಅತಿ ಕೆಟ್ಟ ಸಂದರ್ಭವನ್ನೇ ಹಿಡಿದು ನೋಡಿದೆ. ಸ್ಕೋರ್ ಸಮವಾಗಿದ್ದಾಗ ಸಿಕ್ಸರ್ ಹೊಡೆದರೆ ಬರೆದದ್ದಕ್ಕಿಂತ ಹೆಚ್ಚೆಂದರೆ 5 ರನ್ ಜಾಸ್ತಿ. ನಿಗಡಿಯ ಎರಡೂ ಗೆಲುವುಗಳಲ್ಲಿ ತಲಾ 5 ರನ್ ಬಿಟ್ಟುಹೋಗಿವೆ, ನಿಮ್ಮನ್ನು ಸೋಲಿಸಿದ ತಂಡಕ್ಕೂ 5 ರನ್ ಸೇರಬೇಕು, ನಿಮ್ಮ 85ಕ್ಕೆ ಮಾತ್ರ ಏನೂ ಸೇರುವುದಿಲ್ಲ ಎಂದುಕೊಳ್ಳೋಣ. ಆಗ ನಿಗಡಿ +0.307ಕ್ಕೆ ಏರುತ್ತದೆ, ನೀವು +0.655ಕ್ಕೆ ಇಳಿಯುತ್ತೀರಿ. ಆಗಲೂ ನೀವೇ ಮುಂದೆ. ಹೀಗಾಗಿ ಫೈನಲ್ ಪ್ರಶ್ನೆಗೆ ಈ ಅನುಮಾನ ಅಡ್ಡಿಯಲ್ಲ, ಆದರೆ ಸರಿಯಾದ ಅಂಕಪಟ್ಟಿ ಬೇಕೆಂದರೆ ಆ ನಾಲ್ಕು ಪಂದ್ಯಗಳ ಕೊನೆಯ ಎಸೆತವನ್ನು ಎಸೆತವಾರು ಹಾಳೆಯಲ್ಲಿ ತೆರೆದು ನೋಡಬೇಕು.

ಇಡೀ ಗುಂಪಿನ ಪಟ್ಟಿ ನಿಮ್ಮ ಕೈಗೆ ಸಿಕ್ಕರೆ ಇನ್ನೊಂದು ಪರೀಕ್ಷೆ ಮಾಡಿ. ಐದೂ ತಂಡಗಳು ಗಳಿಸಿದ ರನ್‌ಗಳ ಮೊತ್ತ, ಐದೂ ತಂಡಗಳು ಬಿಟ್ಟುಕೊಟ್ಟ ರನ್‌ಗಳ ಮೊತ್ತಕ್ಕೆ ಸರಿಯಾಗಿ ಸಮವಿರಬೇಕು, ಒಬ್ಬರು ಗಳಿಸಿದ್ದನ್ನು ಇನ್ನೊಬ್ಬರು ಕೊಟ್ಟಿರಲೇಬೇಕಲ್ಲ. ಆಡಿದ ಎಸೆತಗಳ ಮೊತ್ತವೂ ಎಸೆದ ಎಸೆತಗಳ ಮೊತ್ತವೂ ಹಾಗೆಯೇ ಸಮವಿರಬೇಕು. ಟೈಪ್ ಮಾಡುವಾಗ 58 ಹೋಗಿ 85 ಆಗಿದ್ದರೆ, ಅಥವಾ ಆಲೌಟ್ ತಿದ್ದುಪಡಿಯನ್ನು ಬ್ಯಾಟಿಂಗ್ ತಂಡಕ್ಕೆ ಮಾತ್ರ ಮಾಡಿ ಬೌಲಿಂಗ್ ತಂಡಕ್ಕೆ ಮರೆತಿದ್ದರೆ ಇಲ್ಲಿ ತಕ್ಷಣ ಸಿಕ್ಕಿಬೀಳುತ್ತದೆ. ಆದರೆ ಇದರ ಮಿತಿ ತಿಳಿದಿರಲಿ. ಎರಡೂ ಕಡೆ ಒಂದೇ ರೀತಿ ಮಾಡಿದ ತಪ್ಪು ಇದಕ್ಕೆ ಕಾಣುವುದಿಲ್ಲ. ನಿಮ್ಮ ಆಯೋಜಕರ ಪಟ್ಟಿ ಈ ಪರೀಕ್ಷೆಯಲ್ಲಿ ಪಾಸಾಗಿಬಿಡುತ್ತದೆ, ಯಾಕೆಂದರೆ 6.2 ಎಂಬ ತಪ್ಪು ಸಂಖ್ಯೆ ನಿಗಡಿಯ ಬ್ಯಾಟಿಂಗ್‌ನಲ್ಲೂ ನಿಮ್ಮ ಬೌಲಿಂಗ್‌ನಲ್ಲೂ ಸಮವಾಗಿಯೇ ಕುಳಿತಿದೆ. ಐದು ತಂಡಗಳ ನೆಟ್ ರನ್‌ರೇಟ್‌ಗಳನ್ನು ಕೂಡಿಸಿ ಸೊನ್ನೆ ಬರುತ್ತದೆಯೇ ಎಂದು ನೋಡುವವರಿದ್ದಾರೆ. ಅದು ಬರಬೇಕಾಗಿಲ್ಲ. ಪ್ರತಿ ತಂಡದ ಭಾಜಕ ಬೇರೆ, ಆದ್ದರಿಂದ ಸೊನ್ನೆ ಬಾರದಿದ್ದರೆ ಲೆಕ್ಕ ತಪ್ಪಾಗಿದೆ ಎಂದು ತಿಳಿಯಬೇಡಿ.

ಮಳೆಯ ಮಾತು ನಿಮ್ಮ ಪಂದ್ಯಗಳಿಗೆ ಬರುವುದಿಲ್ಲ, ಆದರೂ ಜೂನ್ ನಂತರ ನಿಮ್ಮ ಕಡೆ ಲೀಗ್ ಆಡಿಸುವವರಿಗಾಗಿ ಎರಡು ಮಾತು. ಪಂದ್ಯ ಶುರುವಾಗುವ ಮೊದಲೇ 7 ಓವರ್‌ಗಳಿಗೆ ಇಳಿಸಿದ್ದರೆ ಆಲೌಟ್ ಆದ ತಂಡಕ್ಕೆ ಹಿಡಿಯಬೇಕಾದದ್ದು 7 ಓವರ್, 10 ಅಲ್ಲ. ಮೊದಲ ಇನಿಂಗ್ಸ್ ಮುಗಿದ ಮೇಲೆ ಮಳೆ ಬಂದು, 90 ರನ್‌ಗಳ ಎದುರು 7 ಓವರ್‌ಗಳಲ್ಲಿ 66ರ ಗುರಿ ಕೊಟ್ಟಿದ್ದರೆ, ಮೊದಲ ತಂಡದ ಖಾತೆಗೆ 10 ಓವರ್‌ಗಳಲ್ಲಿ 90 ಬರೆಯುವುದಿಲ್ಲ. ಗುರಿಗಿಂತ ಒಂದು ಕಡಿಮೆ, ಅಂದರೆ 7 ಓವರ್‌ಗಳಲ್ಲಿ 65 ಎಂದು ಬರೆಯಬೇಕು. ಫಲಿತಾಂಶವೇ ಬಾರದ ಪಂದ್ಯದ ರನ್, ಓವರ್ ಯಾವುದೂ ಲೆಕ್ಕಕ್ಕಿಲ್ಲ. ಟೈ ಆದ ಪಂದ್ಯದ ಸೂಪರ್ ಓವರ್ ಕೂಡ ಹಾಗೆಯೇ.

ಆಯೋಜಕರ ಬಳಿ ಹೋಗುವಾಗ ಒಂದೇ ಹಾಳೆ ಸಾಕು. ಅದರ ಮೇಲ್ಭಾಗದಲ್ಲಿ ಅವರ +0.552 ಮತ್ತು +1.044 ಹೇಗೆ ಬಂದವು ಎಂಬುದನ್ನು 35.9, 33.3, 33.7 ಎಂಬ ಮೊತ್ತಗಳ ಸಮೇತ ಬರೆಯಿರಿ. ಅದರ ಕೆಳಗೆ ಎಸೆತಗಳಲ್ಲಿ ಬರೆದ ಸರಿಯಾದ ಲೆಕ್ಕ. ನಿಮ್ಮ 61 ಆಲೌಟ್‌ಗೆ ನೀವೇ 60 ಎಸೆತ ಹಿಡಿದಿರುವುದನ್ನು ಮೊದಲು ತೋರಿಸಿ, ಆಮೇಲೆ ನಿಗಡಿಯ 58ಕ್ಕೆ ಬನ್ನಿ. ನಿಮಗೆ ನಷ್ಟವಾಗುವ ತಿದ್ದುಪಡಿಯನ್ನು ನೀವೇ ಮುಂದಿಟ್ಟರೆ, ಅದೇ ನಿಯಮವನ್ನು ನಿಗಡಿಗೆ ಬೇಡ ಎನ್ನಲು ಯಾರಿಗೂ ಆಗುವುದಿಲ್ಲ. ನಿಗಡಿಯ ನಾಯಕನನ್ನೂ ಆ ಮಾತುಕತೆಗೆ ಕರೆಯಿರಿ. ಅವರ ಎದುರಿಗೇ ಲೆಕ್ಕ ಆಗಲಿ.

ಆದರೆ ಹೊರಡುವ ಮೊದಲು ಟೂರ್ನಿಯ ಆರಂಭದಲ್ಲಿ ಎಲ್ಲ ತಂಡಗಳಿಗೆ ಕೊಟ್ಟ ನಿಯಮಪತ್ರವನ್ನು ತೆಗೆದು ಓದಿ. ಪಾಯಿಂಟ್ ಸಮವಾದಾಗ ಮೊದಲು ಪರಸ್ಪರ ಪಂದ್ಯದ ಫಲಿತಾಂಶ ನೋಡಬೇಕು ಎಂದು ಅದರಲ್ಲಿದ್ದರೆ ನಿಗಡಿಯನ್ನು ಸೋಲಿಸಿದ್ದ ನೀವು ನೆಟ್ ರನ್‌ರೇಟ್‌ನ ತಂಟೆಯೇ ಇಲ್ಲದೆ ಮುಂದೆ ಹೋಗುತ್ತೀರಿ. ನೆಟ್ ರನ್‌ರೇಟ್ ಎಂದಷ್ಟೇ ಇದ್ದರೆ, ಅಥವಾ ಐಸಿಸಿ ನಿಯಮದಂತೆ ಎಂದಿದ್ದರೆ, ಮೇಲಿನ ಲೆಕ್ಕ ನಿಲ್ಲುತ್ತದೆ. ಆಲೌಟ್ ಆದರೂ ಆಡಿದ ಓವರ್‌ಗಳನ್ನೇ ಹಿಡಿಯಲಾಗುವುದು ಎಂದು ಮೊದಲೇ ಬರೆದು, ನಿಮ್ಮ ನಾಯಕರೂ ಅದಕ್ಕೆ ಸಹಿ ಹಾಕಿದ್ದರೆ, ಆ ನಿಯಮ ಎಷ್ಟೇ ಅಸಂಬದ್ಧವಾಗಿದ್ದರೂ ಈ ಟೂರ್ನಿಯ ಮಟ್ಟಿಗೆ ಅದೇ ನಿಯಮ. ಆಗ ಸರಿಯಾದ ಸಂಖ್ಯೆಗಳು ನಿಮಗೆ +0.454, ನಿಗಡಿಗೆ +0.919, ಮತ್ತು ಫೈನಲ್ ಆಡಬೇಕಾದವರು ನಿಗಡಿಯವರು.